ಸೋರುವ ನಲ್ಲಿಯಿಂದ ಬಂದ ಲಾಭ

ಕೆಟ್ಟ ಸರಕು ವಾಪಸ್ ಕಳಿಸುವಾಗ ನಮ್ಮ ಅಂಗಡಿಕಾರರಿಗೆ ಬರುವ ಸಂಕೋಚ ಸಾಲ ಕೇಳುವಾಗಲೂ ಬರುವುದಿಲ್ಲ. ಕೊಂಡ ಮಾಲು ಸೋರಲಿ, ಸೀಳಲಿ, ತುಕ್ಕು ಹಿಡಿದೇ ಬರಲಿ, ಡಿಸ್ಟ್ರಿಬ್ಯೂಟರ್ ಮುಂದೆ ಒಂದು ಕಾಗದ ಹಿಡಿದರೆ ಹತ್ತು ವರ್ಷದ ಸಂಬಂಧ ಹಳಸಿಹೋಗುತ್ತದೆ ಎಂಬ ಭಯ. ಆದ್ದರಿಂದ ಮಾಲು ಸದ್ದಿಲ್ಲದೆ ಹೊರಡುತ್ತದೆ. ಸೇಲ್ಸ್‌ಮನ್ ಬೈಕಿನ ಹಿಂದೆ ಸಿಮೆಂಟ್ ಚೀಲ ಬಿಗಿದುಕೊಂಡು, "ಮುಂದಿನ ಬಿಲ್ಲಲ್ಲಿ ಅಡ್ಜಸ್ಟ್ ಮಾಡಿಸ್ತೀನಿ ಬಿಡಿ ಅಣ್ಣ" ಎನ್ನುತ್ತಾನೆ. "ಅಯ್ಯೋ, ಆಗ್ಲಿ ಬಿಡಪ್ಪ, ನಾವೇನು ನಿನ್ನೆ ಮೊನ್ನೆಯವರಾ" ಎಂದು ಯಜಮಾನರು ಕಾಫಿ ಕುಡಿಸಿ ಕಳಿಸುತ್ತಾರೆ. ಚೀಲ ಹೋಯಿತು. ಲೆಕ್ಕ ಮಾತ್ರ ಅಂಗಡಿಯಲ್ಲೇ ಉಳಿಯಿತು.

1494ರಲ್ಲಿ ವೆನಿಸ್ ನಗರದಲ್ಲಿ ಲೂಕಾ ಪಾಚಿಯೋಲಿ ಎಂಬ ಸನ್ಯಾಸಿ ತನ್ನ ಗಣಿತದ ಪುಸ್ತಕದಲ್ಲಿ ಜೋಡಿ ನಮೂದಿನ ಲೆಕ್ಕವನ್ನೂ ಸೇರಿಸಿ ಅಚ್ಚು ಹಾಕಿಸಿದ. ಒಂದು ಕಡೆ ಡೆಬಿಟ್ ಆದರೆ ಇನ್ನೊಂದು ಕಡೆ ಕ್ರೆಡಿಟ್ ಆಗಲೇಬೇಕು ಎಂಬುದು ಅದರ ತಿರುಳು. ಲೋಕವನ್ನು ಬಿಟ್ಟ ಸನ್ಯಾಸಿಗೂ ಒಂದು ಕೈಯಿಂದ ಹೋದದ್ದು ಇನ್ನೊಂದು ಕೈಗೆ ಸೇರಿರಲೇಬೇಕು ಎಂದು ಹೊಳೆದಿತ್ತು. ಐನೂರು ವರ್ಷದ ಮೇಲೆ ನಮ್ಮ ಪೇಟೆ ಇದಕ್ಕೊಂದು ಸುಧಾರಣೆ ತಂದಿದೆ: ಡೆಬಿಟ್ ಬಾಯಲ್ಲಿ, ಕ್ರೆಡಿಟ್ ಮುಂದಿನ ತಿಂಗಳು.

ಒಂದು ಪೈಪು-ನಲ್ಲಿ ಅಂಗಡಿಯನ್ನೇ ತೆಗೆದುಕೊಳ್ಳಿ. ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಎದುರು, ಹೆಸರು ಬೇಡ, ನಿಮ್ಮ ಊರಲ್ಲೂ ಒಂದಿರುತ್ತದೆ. 2025ರ ಜೂನ್ 10ರಂದು ಬೆಂಗಳೂರಿನಿಂದ 50 ಪಿತ್ತಾಳೆ ನಲ್ಲಿಗಳು ಬಂದವು. ಬಿಲ್ಲಿನ ದರ ಒಂದಕ್ಕೆ 800 ರೂಪಾಯಿ. ಒಟ್ಟು 40,000, ಅದರ ಮೇಲೆ ಶೇಕಡ 18ರ ಜಿಎಸ್‌ಟಿ 7,200, ಎಲ್ಲ ಸೇರಿ 47,200. ಎರಡು ವಾರದಲ್ಲಿ ಗೊತ್ತಾಯಿತು, ಇದರಲ್ಲಿ 10 ನಲ್ಲಿ ಸೋರುತ್ತವೆ. ಹೇಗೆ ತಿರುಗಿಸಿದರೂ ತೊಟ್ಟಿಕ್ಕುತ್ತವೆ. ಯಜಮಾನರು ಹತ್ತನ್ನೂ ಚೀಲಕ್ಕೆ ತುಂಬಿಸಿದರು.

ಈಗ ಆಗಬೇಕಾದದ್ದು ಒಂದೇ ಒಂದು ಕಾಗದ. ಅದರ ಹೆಸರು ಡೆಬಿಟ್ ನೋಟ್. "ಸ್ವಾಮಿ, ನಿಮ್ಮ ಇಂಥ ತಾರೀಕಿನ, ಇಂಥ ನಂಬರಿನ ಬಿಲ್ಲಿನಲ್ಲಿ ಬಂದ 10 ನಲ್ಲಿ ವಾಪಸ್ ಕಳಿಸಿದ್ದೇವೆ, ಕಾರಣ ಸೋರಿಕೆ, 8,000 ರೂಪಾಯಿ ಮಾಲು, 1,440 ತೆರಿಗೆ, ಒಟ್ಟು 9,440 ನಿಮ್ಮ ಖಾತೆಗೆ ಡೆಬಿಟ್ ಹಾಕಿದ್ದೇವೆ" ಎಂದು ಅದರ ಒಕ್ಕಣೆ. ಈ ಒಂದು ಕಾಗದ ಒಂದೇ ಏಟಿಗೆ ಎರಡು ಕೆಲಸ ಮಾಡುತ್ತದೆ. ಡಿಸ್ಟ್ರಿಬ್ಯೂಟರಿಗೆ ಕೊಡಬೇಕಾದ ಹಣ 47,200ರಿಂದ 37,760ಕ್ಕೆ ಇಳಿಯುತ್ತದೆ. ದಾಸ್ತಾನಿನಲ್ಲಿ ನಲ್ಲಿಗಳು 50ರಿಂದ 40ಕ್ಕೆ ಇಳಿಯುತ್ತವೆ. ಹಣ ಮತ್ತು ಮಾಲು ಒಟ್ಟಿಗೆ ಇಳಿಯಬೇಕು, ಅಷ್ಟೇ ಅದರ ಧರ್ಮ. ಜೋಡೆತ್ತಿನಲ್ಲಿ ಒಂದನ್ನು ಬಿಚ್ಚಿ ಇನ್ನೊಂದನ್ನು ಮಾತ್ರ ಓಡಿಸುವ ಕಲೆಯನ್ನು ನಾವು ಕಂಡುಹಿಡಿದಿದ್ದೇವೆ. ಗಾಡಿ ಎಲ್ಲಿಗೆ ಹೋಗುತ್ತದೆ ಎಂಬುದೇ ಮುಂದಿನ ಕಥೆ.

ಮೊದಲ ಪಂಥದವರು ಏನೂ ಬರೆಯದವರು. ಇವರದು ಶುದ್ಧ ನಂಬಿಕೆಯ ಮಾರ್ಗ. ಸೇಲ್ಸ್‌ಮನ್ ಬೀಡಿ ಕಟ್ಟಿನ ಹಿಂಬದಿಯಲ್ಲಿ ಗೀಚಿಕೊಟ್ಟ ಚೀಟಿ ಕ್ಯಾಷ್ ಡ್ರಾದ ತಳ ಸೇರುತ್ತದೆ. ಹಣ ಕೊಡುವ ದಿನ ಯಜಮಾನರಿಗೆ ಹತ್ತು ನಲ್ಲಿ ನೆನಪಿದ್ದರೆ 37,760 ಕಳಿಸುತ್ತಾರೆ. ಆ ಸೇಲ್ಸ್‌ಮನ್ ಮಾತು ಕೊಟ್ಟು ಮರೆತು ಬೇರೆ ಕಂಪನಿ ಸೇರಿರುತ್ತಾನೆ. ಆದ್ದರಿಂದ ಡಿಸ್ಟ್ರಿಬ್ಯೂಟರ್ ಪುಸ್ತಕದಲ್ಲಿ ಇವರು 9,440 ಬಾಕಿದಾರರು. ಇವರ ಪುಸ್ತಕದಲ್ಲೂ ಅಷ್ಟೇ ಬಾಕಿ ನಿಂತಿರುತ್ತದೆ, ಏಕೆಂದರೆ ಡೆಬಿಟ್ ನೋಟ್ ಬರೆದವರು ಯಾರೂ ಇಲ್ಲ. ಇಬ್ಬರ ಲೆಜರೂ ತಾಳೆಯಾಗುತ್ತದೆ! ತಪ್ಪು ಲೆಕ್ಕ ಎರಡೂ ಕಡೆ ಒಂದೇ ಥರ ಇದ್ದರೆ ಅದಕ್ಕೆ ಸೌಹಾರ್ದ ಎನ್ನುತ್ತಾರೆ.

ಜಿಎಸ್‌ಟಿ ಕಾನೂನಿಗೆ ಮಾತ್ರ ಈ ಸೌಹಾರ್ದ ಅರ್ಥವಾಗುವುದಿಲ್ಲ. ಬಿಲ್ಲಿನ ಹಣವನ್ನು 180 ದಿನದೊಳಗೆ ಕೊಡದಿದ್ದರೆ, ಕೊಡದೆ ಉಳಿದ ಭಾಗದ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು ಎನ್ನುತ್ತದೆ ಸೆಕ್ಷನ್ 16. ಜೂನ್ 10ರ ಬಿಲ್ಲಿಗೆ ಡಿಸೆಂಬರ್ ಮೊದಲ ವಾರಕ್ಕೇ ಗಡುವು ಮುಗಿಯಿತು. ಅಂಗಡಿಯಲ್ಲಿಲ್ಲದ ಹತ್ತು ನಲ್ಲಿಯ ಬಾಕಿ ಪುಸ್ತಕದಲ್ಲಿ ಬೆಚ್ಚಗೆ ಕೂತಿದ್ದರೆ, ಅದರ 1,440 ರೂಪಾಯಿ ತೆರಿಗೆಗೆ ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ನಲ್ಲಿ ವಾಪಸ್ ಹೋದರೂ ಸೋರಿಕೆ ನಿಲ್ಲುವುದಿಲ್ಲ.

ಮಾರ್ಚ್ 31ಕ್ಕೆ ಸ್ಟಾಕ್ ಎಣಿಸುವಾಗ ಈ ಪಂಥದ ಎರಡನೇ ಫಲ ಸಿಗುತ್ತದೆ. ಕಂಪ್ಯೂಟರಿನಲ್ಲಿ ಹತ್ತು ನಲ್ಲಿ ಹೆಚ್ಚು, ಕಪಾಟಿನಲ್ಲಿ ಹತ್ತು ಕಡಿಮೆ. ಆಗ ಯಜಮಾನರ ದೃಷ್ಟಿ ನೇರವಾಗಿ ಬೀಳುವುದು ಅಂಗಡಿ ಹುಡುಗನ ಮೇಲೆ. ಒಂಬತ್ತು ತಿಂಗಳ ಹಿಂದೆ ಇದೇ ಹುಡುಗ ಆ ಚೀಲವನ್ನು ಎತ್ತಿ ಬೈಕಿಗೆ ಕಟ್ಟಿದ್ದ. ಅವನೇ ನೆನಪಿಸಿದರೆ ಎದುರುತ್ತರ ಕೊಡುತ್ತಾನೆ ಎನ್ನಿಸಿಕೊಳ್ಳುತ್ತಾನೆ, ನೆನಪಿಸದಿದ್ದರೆ ಕಳ್ಳ ಎನ್ನಿಸಿಕೊಳ್ಳುತ್ತಾನೆ. ಎಷ್ಟು ಅಂಗಡಿಗಳಲ್ಲಿ ಎಷ್ಟು ಹುಡುಗರು ಬರೆಯದ ಡೆಬಿಟ್ ನೋಟಿನ ಕಾರಣಕ್ಕೆ ಕೆಲಸ ಕಳೆದುಕೊಂಡಿದ್ದಾರೋ, ಅದನ್ನು ಯಾವ ಲೆಜರೂ ಹೇಳುವುದಿಲ್ಲ.

ಎರಡನೇ ಪಂಥದವರು ಸ್ವಲ್ಪ ಓದಿಕೊಂಡವರು. ಇವರ ಅಂಗಡಿಯಲ್ಲಿ ಲೆಕ್ಕ ಬರೆಯಲು ಒಬ್ಬ ಹುಡುಗಿ ಇರುತ್ತಾಳೆ, ಬೆಂಗಳೂರಿನ ಕಂಪನಿ ಮಾಡಿಕೊಟ್ಟ ಟ್ಯಾಲಿ ಇರುತ್ತದೆ, ಮತ್ತು ಎಲ್ಲ ರೋಗಕ್ಕೂ ಒಂದೇ ಔಷಧಿ ಇರುತ್ತದೆ: ಜರ್ನಲ್ ಎಂಟ್ರಿ. ಹುಡುಗಿ ಡಿಸ್ಟ್ರಿಬ್ಯೂಟರ್ ಖಾತೆಗೆ 9,440 ಡೆಬಿಟ್ ಹಾಕುತ್ತಾಳೆ, ಖರೀದಿ ಖಾತೆಗೆ 8,000 ಕ್ರೆಡಿಟ್, ಇನ್‌ಪುಟ್ ತೆರಿಗೆಯ ಎರಡು ಖಾತೆಗೆ 720ರಂತೆ ಕ್ರೆಡಿಟ್. ಡೆಬಿಟ್ಟೂ ಕ್ರೆಡಿಟ್ಟೂ ಸರಿಹೋಯಿತು. ಪಾಚಿಯೋಲಿ ಇದ್ದಿದ್ದರೆ ತಲೆ ಸವರುತ್ತಿದ್ದ. ಬಾಕಿ 37,760ಕ್ಕೆ ಇಳಿಯಿತು, ಯಜಮಾನರು ಖುಷಿ.

ಆದರೆ ಜರ್ನಲ್ಲಿಗೆ ನಲ್ಲಿ ಎಂದರೆ ಏನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ರೂಪಾಯಿ ಮಾತ್ರ. ದಾಸ್ತಾನಿನ ಪಟ್ಟಿಯಲ್ಲಿ 50 ನಲ್ಲಿ ಹಾಗೇ ನಿಂತಿವೆ, 40,000 ರೂಪಾಯಿ ಬೆಲೆಯಲ್ಲಿ. ಅತ್ತ ಖರೀದಿ ಮಾತ್ರ 32,000ಕ್ಕೆ ಇಳಿದಿದೆ. ಒಂದೂ ನಲ್ಲಿ ಮಾರಾಟವಾಗಿಲ್ಲ ಎಂದುಕೊಳ್ಳಿ: 32,000 ಕೊಟ್ಟು ಕೊಂಡ ಮಾಲು 40,000 ಬಾಳುತ್ತಾ ಕಪಾಟಿನಲ್ಲಿ ಕೂತಿದೆ ಎನ್ನುತ್ತದೆ ಪುಸ್ತಕ. ವ್ಯತ್ಯಾಸ 8,000 ಎಲ್ಲಿಗೆ ಹೋಯಿತು? ಲಾಭಕ್ಕೆ! ಯಾರೂ ಕೊಳ್ಳದ, ಅಂಗಡಿಯಲ್ಲೂ ಇಲ್ಲದ, ನೀರು ಹಿಡಿದಿಡಲಾರದ ಹತ್ತು ನಲ್ಲಿಗಳು ವರ್ಷದ ಕೊನೆಗೆ ಎಂಟು ಸಾವಿರ ಲಾಭ ದುಡಿದುಕೊಟ್ಟವು. ಶೇಕಡ 30ರ ಹಂತದಲ್ಲಿರುವ ಯಜಮಾನರಾದರೆ ಇದರ ಮೇಲೆ 2,400 ರೂಪಾಯಿ ಆದಾಯ ತೆರಿಗೆ ಕಟ್ಟುತ್ತಾರೆ, ಸೆಸ್ ಬೇರೆ. ಒಳ್ಳೆಯ ನಲ್ಲಿ ಮಾರಿದರೆ ಇಷ್ಟು ಲಾಭ ಬರುತ್ತಿತ್ತೋ ಇಲ್ಲವೋ.

ಇಂಥ ಲಾಭ ಬ್ಯಾಂಕಿನವರಿಗೆ ಬಹಳ ಇಷ್ಟ. ಓವರ್‌ಡ್ರಾಫ್ಟ್ ಮಿತಿ ಏರಿಸಲು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವಾಗ ಈ ಅದೃಶ್ಯ ನಲ್ಲಿಗಳೂ ಸಾಲಾಗಿ ನಿಲ್ಲುತ್ತವೆ. ಅವುಗಳ ಆಧಾರದ ಮೇಲೆ ಸಾಲ ಮಂಜೂರಾಗುತ್ತದೆ. ಇಡೀ ಪಟ್ಟಿಯಲ್ಲಿ ಕಳ್ಳತನವಾಗುವ ಭಯವಿಲ್ಲದ ಸ್ಟಾಕ್ ಎಂದರೆ ಇದೊಂದೇ.

ಮೂರನೇ ಪಂಥದವರು ಅತಿ ಶಿಸ್ತಿನವರು. ಇವರಲ್ಲಿ ಗೋಡೌನ್ ನೋಡಿಕೊಳ್ಳುವವನು ಬೇರೆ, ಲೆಕ್ಕ ಬರೆಯುವವಳು ಬೇರೆ, ಇಬ್ಬರಿಗೂ ಮಾತಿಲ್ಲ. ಮಾಲು ಗಾಡಿ ಹತ್ತಿದ ದಿನ ಗೋಡೌನಿನವನು ಟ್ಯಾಲಿಯಲ್ಲಿ `Rejections Out` ಎಂಬ ವೋಚರ್ ಹಾಕುತ್ತಾನೆ. ಅದು ಸ್ಟಾಕನ್ನು ಮಾತ್ರ ಇಳಿಸುವ ಕಾಗದ, ಹಣಕ್ಕೆ ಕೈ ಹಚ್ಚುವುದಿಲ್ಲ. 50 ಹೋಗಿ 40 ಆಯಿತು, ಸರಿಯಾಗಿದೆ. ಹದಿನೈದು ದಿನದ ಮೇಲೆ ಲೆಕ್ಕದ ಹುಡುಗಿ `Debit Note` ಹಾಕುತ್ತಾಳೆ. ಅದು ಹಣವನ್ನೂ ಇಳಿಸುತ್ತದೆ, ಸ್ಟಾಕನ್ನೂ ಇಳಿಸುತ್ತದೆ. 40 ಹೋಗಿ 30! ಇದಕ್ಕೆ ತಡೆ ಇಲ್ಲದಿಲ್ಲ. ಡೆಬಿಟ್ ನೋಟಿನಲ್ಲಿ ನಲ್ಲಿಯ ಸಾಲು ಬರೆಯುವಾಗ `Tracking No.` ಎಂದು ಕೇಳುತ್ತದೆ. ಅಲ್ಲಿ ಗೋಡೌನಿನವನ ವೋಚರ್ ನಂಬರನ್ನೇ ಆರಿಸಿದರೆ, "ಈ ಮಾಲು ಆಗಲೇ ಹೋಗಿದೆ, ಈಗ ಹಣ ಮಾತ್ರ" ಎಂದು ಟ್ಯಾಲಿ ಅರ್ಥ ಮಾಡಿಕೊಳ್ಳುತ್ತದೆ. ಆದರೆ ಅಲ್ಲೇ ಪಕ್ಕದಲ್ಲಿ `Not Applicable` ಎಂಬ ಆಯ್ಕೆಯೂ ಇದೆ. ಬೇಗ ಬಸ್ಸು ಹಿಡಿಯಬೇಕಾದ ಮನುಷ್ಯಪ್ರಾಣಿ ಯಾವುದನ್ನು ಒತ್ತುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ರೋಗ ಪತ್ತೆಯಾಗುವ ಬಗೆಯೂ ತಮಾಷೆಯದೇ. ಉಳಿದ 40 ಒಳ್ಳೆಯ ನಲ್ಲಿಗಳು ಮಾರಾಟವಾದಾಗ ಪುಸ್ತಕದಲ್ಲಿದ್ದದ್ದು 30. ಮೂವತ್ತೊಂದನೆಯ ನಲ್ಲಿಯಿಂದ ಸ್ಟಾಕ್ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಕೊನೆಗೆ ಮೈನಸ್ ಹತ್ತು ಎಂದು ತೋರಿಸುತ್ತದೆ. ಇಲ್ಲದ ಮಾಲು ಮಾರುವುದು ಷೇರು ಪೇಟೆಯಲ್ಲಿ ದೊಡ್ಡವರ ಆಟ. ಅದನ್ನು ಬಸ್ ಸ್ಟ್ಯಾಂಡ್ ಎದುರಿನ ನಲ್ಲಿ ಅಂಗಡಿಗೆ ತಂದವರು ನಾವು. ಆ ಮೈನಸ್ ನೋಡಿ ಯಾರಾದರೂ ಮೂಲ ಹುಡುಕುತ್ತಾರೆ ಎಂದುಕೊಂಡಿರಾ? ಇಲ್ಲ. ಮತ್ತೊಂದು ವೋಚರ್ ಹಾಕಿ ಹತ್ತು ನಲ್ಲಿ ಸೇರಿಸುತ್ತಾರೆ. ಮನೆಯಲ್ಲಿ ನಲ್ಲಿ ಸೋರಿದರೆ ಕೆಳಗೆ ಬಕೆಟ್ ಇಡುವ ಜನ ನಾವು, ಪುಸ್ತಕದಲ್ಲಿ ಬೇರೆ ರೀತಿ ಯಾಕೆ ಮಾಡೋಣ?

ಈ ನಡುವೆ ದರದ ಪ್ರಶ್ನೆ. ನಲ್ಲಿಯ ಪಟ್ಟಿ ದರ 1,000, ಬಿಲ್ಲಿನಲ್ಲಿ ಶೇಕಡ 20 ಕಡಿತವಾಗಿ 800. ಡೆಬಿಟ್ ನೋಟ್ ಬರೆಯುವ ಹೊತ್ತಿಗೆ ಹಳೇ ಬಿಲ್ ಹುಡುಕುವ ತಾಳ್ಮೆ ಯಾರಿಗಿದೆ? ಗೋಡೆಗೆ ನೇತುಹಾಕಿದ ಪಟ್ಟಿ ನೋಡಿ 1,000ದಂತೆ ಹಾಕುತ್ತಾರೆ. ಮಾಲು 10,000, ತೆರಿಗೆ 1,800, ಒಟ್ಟು 11,800. ಡಿಸ್ಟ್ರಿಬ್ಯೂಟರ್ ಒಪ್ಪುವುದು 9,440. ಉಳಿದ 2,360 ಎರಡು ಲೆಜರುಗಳ ನಡುವೆ ತ್ರಿಶಂಕುವಾಗುತ್ತದೆ. ವರ್ಷ ವರ್ಷ ಬ್ಯಾಲೆನ್ಸ್ ಕನ್ಫರ್ಮೇಷನ್ ಪತ್ರ ಬಂದಾಗ "ವ್ಯತ್ಯಾಸ ಇದೆ, ಮಾತಾಡಿ ಬಗೆಹರಿಸಿಕೊಳ್ಳೋಣ" ಎಂದು ಬರೆದು ಇಬ್ಬರೂ ಸಹಿ ಹಾಕುತ್ತಾರೆ, ಇಬ್ಬರೂ ಮಾತಾಡುವುದಿಲ್ಲ. ಕೊಂಡ ಬಿಲ್ಲಿನಲ್ಲಿ ಎಷ್ಟಕ್ಕೆ ಬಂತೋ ಅಷ್ಟಕ್ಕೇ ವಾಪಸ್ ಹೋಗಬೇಕು, ಆ ಬಿಲ್ಲಿನ ನಂಬರಿಗೇ ಅದನ್ನು ಕಟ್ಟಬೇಕು. ಟ್ಯಾಲಿ ಕೇಳಿದಾಗ `Agst Ref` ಎಂದು ಆ ಬಿಲ್ ಆರಿಸಿದರೆ ಮುಗಿಯಿತು. `On Account` ಎಂದು ಒತ್ತಿದವರ ಹಣ ಯಾವ ಬಿಲ್ಲಿಗೂ ಸೇರದೆ ಖಾತೆಯ ಅಂಗಳದಲ್ಲಿ ಅಲೆಯುತ್ತಿರುತ್ತದೆ, ಮತ್ತು ಜೂನ್ 10ರ ಬಿಲ್ ಪೂರ್ತಿ 47,200 ಬಾಕಿ ಎಂದೇ ತೋರಿಸುತ್ತಾ ಹೋಗುತ್ತದೆ. ಅದನ್ನು ನೋಡಿ ಪೂರ್ತಿ ಹಣ ಕಳಿಸಿದ ಮಹಾನುಭಾವರೂ ಇದ್ದಾರೆ.

ಇಷ್ಟೂ ಗಂಡಾಂತರ ದಾಟಿ, ಸರಿಯಾದ ದರದಲ್ಲಿ ಸರಿಯಾದ ಬಿಲ್ಲಿಗೆ ಸರಿಯಾದ ಡೆಬಿಟ್ ನೋಟ್ ಬರೆದವರು ಗೆದ್ದೆವು ಎಂದುಕೊಂಡರೆ, ಸರಕಾರ ಮೆಲ್ಲಗೆ ಕೆಮ್ಮುತ್ತದೆ. ಕೊಳ್ಳುವವನು ಬರೆದ ಡೆಬಿಟ್ ನೋಟ್ ಜಿಎಸ್‌ಟಿಯ ಕಣ್ಣಿಗೆ ಬರಿಯ ವ್ಯಾಪಾರದ ಪತ್ರ. ಸೆಕ್ಷನ್ 34ರ ಪ್ರಕಾರ ಸರಕು ವಾಪಸ್ ಬಂದಾಗ ತೆರಿಗೆ ಇಳಿಸುವ ಅಧಿಕಾರ ಇರುವುದು ಮಾರಿದವನು ಬರೆಯುವ ಕ್ರೆಡಿಟ್ ನೋಟಿಗೆ. ಕಾನೂನಿನಲ್ಲೂ ಡೆಬಿಟ್ ನೋಟ್ ಎಂಬುದಿದೆ, ಆದರೆ ಅದನ್ನೂ ಬರೆಯುವವನು ಮಾರಿದವನೇ, ಕಡಿಮೆ ತೆರಿಗೆ ಹಾಕಿದ್ದಾಗ. ಅಂದರೆ ನಿಮ್ಮ ಕಾಗದ ಬೇಡಿಕೆ ಮಾತ್ರ, ಅದಕ್ಕೆ ಅವನ ಕಾಗದ ಉತ್ತರ. ಉತ್ತರ ಬಂತೋ ಇಲ್ಲವೋ ಎಂದು ನೋಡುವ ಜಾಗ ಪ್ರತಿ ತಿಂಗಳ ಜಿಎಸ್‌ಟಿಆರ್-2ಬಿ. ಅವನು ಕ್ರೆಡಿಟ್ ನೋಟನ್ನು ತನ್ನ ರಿಟರ್ನಿನಲ್ಲಿ ತೋರಿಸಿದ್ದರೆ ಅದು ಅಲ್ಲಿ ಬಂದು ಕೂತಿರುತ್ತದೆ.

ಇಲ್ಲೇ ಅತಿ ಪ್ರಾಮಾಣಿಕರು ಬೀಳುವ ಹೊಂಡವಿದೆ. ಜೂನ್ ತಿಂಗಳ ಡೆಬಿಟ್ ನೋಟ್ ನೋಡಿಕೊಂಡು ಹುಡುಗಿ ಆ ತಿಂಗಳ ರಿಟರ್ನಿನಲ್ಲೇ 1,440 ಕ್ರೆಡಿಟ್ ವಾಪಸ್ ಮಾಡುತ್ತಾಳೆ. ಡಿಸ್ಟ್ರಿಬ್ಯೂಟರ್ ಆರಾಮಾಗಿ ಸೆಪ್ಟೆಂಬರಿನಲ್ಲಿ ಕ್ರೆಡಿಟ್ ನೋಟ್ ಹಾಕುತ್ತಾನೆ. ಅದು 2ಬಿಯಲ್ಲಿ ಬಂದು, ಮೊತ್ತ ತಾನಾಗಿಯೇ ರಿಟರ್ನಿಗೆ ಇಳಿದು, ಇನ್ನೊಂದು ಸಲ 1,440 ಕಡಿತವಾಗುತ್ತದೆ. ಹತ್ತು ನಲ್ಲಿಗೆ 2,880! ಮೋಸ ಮಾಡದ ಮನುಷ್ಯನಿಗೆ ಮಾತ್ರ ಸಿಗುವ ಶಿಕ್ಷೆ ಇದು. ಡೆಬಿಟ್ ನೋಟಿನ ಫೈಲಿನಲ್ಲಿ ಪ್ರತಿಯೊಂದರ ಎದುರು "ಕ್ರೆಡಿಟ್ ನೋಟ್ ನಂಬರ್" ಎಂದು ಒಂದು ಖಾಲಿ ಕಾಲಂ ಇಟ್ಟು, 2ಬಿ ನೋಡಿ ತುಂಬುತ್ತಾ ಹೋದರೆ ಈ ದಂಡ ತಪ್ಪುತ್ತದೆ. ಆದರೆ ಒಂದು ಕಾಲಂ ಹೆಚ್ಚಿಗೆ ಎಳೆಯುವುದೆಂದರೆ ನಮ್ಮಲ್ಲಿ ಸಂವಿಧಾನ ತಿದ್ದುಪಡಿಯಷ್ಟು ಕಷ್ಟ.

ಡಿಸ್ಟ್ರಿಬ್ಯೂಟರಿಗೆ ಆತುರವಿಲ್ಲದಿರಲು ಕಾರಣವಿದೆ. 2025–26ರಲ್ಲಿ ಮಾರಿದ ಮಾಲಿಗೆ ತೆರಿಗೆ ಇಳಿಸುವ ಕ್ರೆಡಿಟ್ ನೋಟ್ ತೋರಿಸಲು ಅವನಿಗೆ 2026ರ ನವೆಂಬರ್ 30ರವರೆಗೆ ಕಾಲವಿದೆ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲು ಸಲ್ಲಿಸಿದರೆ ಅಲ್ಲಿಯವರೆಗೆ. ಆಮೇಲೆ ಬಂದವರಿಗೆ ಅವನು ತೆರಿಗೆಯಿಲ್ಲದ ಕ್ರೆಡಿಟ್ ನೋಟ್ ಕೊಡುತ್ತಾನೆ: 8,000 ತಗೊಳ್ಳಿ, 1,440 ಸರಕಾರಕ್ಕೆ ಹೋಗಿದೆ, ನನ್ನ ಕೈಲಿಲ್ಲ ಸ್ವಾಮಿ ಎಂದು. ಅವನ ಮಾತು ನಿಜವೇ. ಇನ್ನು 2025ರ ಹಣಕಾಸು ಕಾಯ್ದೆ ಸೆಕ್ಷನ್ 34ಕ್ಕೆ ತಂದ ತಿದ್ದುಪಡಿಯಿಂದ, ಕೊಂಡವನು ತನ್ನ ಕ್ರೆಡಿಟ್ ಹಿಂತಿರುಗಿಸದಿದ್ದರೆ ಮಾರಿದವನಿಗೆ ತೆರಿಗೆ ಇಳಿಕೆ ಸಿಗುವುದಿಲ್ಲ. ಇಬ್ಬರ ಕಾಗದವೂ ಇಬ್ಬರ ಪುಸ್ತಕಕ್ಕೆ ಅಂಟಿಕೊಂಡಿದೆ. ಅತ್ತೆ-ಸೊಸೆಗೂ ಇಷ್ಟು ಬಿಗಿಯಾದ ಕಟ್ಟಿಲ್ಲ.

ವರ್ಷದ ಕೊನೆಗೆ ಆಡಿಟರ್ ಕಚೇರಿಯಲ್ಲಿ ಈ ಪಂಥಗಳೆಲ್ಲ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ.

"ಈ 9,440 ಬಾಕಿ ಏನು ಯಜಮಾನ್ರೇ?"

"ಅದು ಅಡ್ಜಸ್ಟ್ ಆಗಿದೆ ಸಾರ್."

"ಎಲ್ಲಿ?"

"ಬಾಯಲ್ಲಿ."

"ಮತ್ತೆ ಸ್ಟಾಕಿನಲ್ಲಿ ಹತ್ತು ನಲ್ಲಿ ಇದೆಯಲ್ಲ?"

"ಅದು ಇಲ್ಲ ಸಾರ್."

"ಇಲ್ಲದ್ದಕ್ಕೆ ಬಾಕಿ ಇದೆ, ಬಾಕಿ ಇರೋದಕ್ಕೆ ಮಾಲಿಲ್ಲ. ನಾನು ಸಹಿ ಎಲ್ಲಿ ಹಾಕಲಿ?"

ಯಜಮಾನರು ಪೆನ್ ತೆಗೆದು ಕೊಡುತ್ತಾರೆ.

ಈಗ ಓದುಗರಲ್ಲಿ ಅಂಗಡಿ ಇಟ್ಟವರಿಗೆ ನೇರವಾಗಿ ಒಂದು ಮಾತು. ಕ್ಯಾಷ್ ಡ್ರಾದ ತಳದಲ್ಲಿರುವ ಚೀಟಿಗಳನ್ನು ಇವತ್ತೇ ಹೊರಗೆ ತೆಗೆಯಿರಿ. ಒಂದೊಂದರ ಮೂಲ ಬಿಲ್ ಹುಡುಕಿ, ಆ ಬಿಲ್ಲಿನ ದರದಲ್ಲೇ, ಆ ಬಿಲ್ಲಿನ ಮೇಲೇ, ಮಾಲು ಮತ್ತು ಹಣ ಎರಡೂ ಇಳಿಯುವ ಡೆಬಿಟ್ ನೋಟ್ ಬರೆದು ಡಿಸ್ಟ್ರಿಬ್ಯೂಟರಿಗೆ ವಾಟ್ಸ್‌ಆ್ಯಪಿನಲ್ಲಾದರೂ ಕಳಿಸಿ, ಅವನ ಕ್ರೆಡಿಟ್ ನೋಟ್ ನಂಬರ್ ಕೇಳಿ. ಸಂಬಂಧ ಹಳಸುತ್ತದೆ ಎಂದು ಅಂಜಬೇಡಿ. ಅವನ ಆಫೀಸಿನಲ್ಲಿ ನಿಮ್ಮ ಲೆಜರ್ ತೆರೆದರೆ ನೀವು ಬಾಕಿದಾರರೆಂದೇ ಕಾಣುವುದು. 2025–26ರ ಬಿಲ್ಲುಗಳಿಗೆ ಗಡುವು 2026ರ ನವೆಂಬರ್ 30.